ಕತ್ತರಿ ಬೀಳುವ ಮುನ್ನ ಮಾತು ಬರಬೇಕು: ಕಥೆ ನಡೆಸುವ ಹಾಡು ಬರೆಯುವ ಬಗೆ

ಥಿಯೇಟರಿನಲ್ಲಿ ಹಾಡು ಶುರುವಾದ ಕೂಡಲೇ ಒಂದಷ್ಟು ಜನ ಎದ್ದು ಹೊರಗೆ ಹೋಗುತ್ತಾರೆ. ವಾಪಸ್ ಬಂದು ಪಕ್ಕದವರನ್ನು "ಏನಾಯ್ತು?" ಅಂತ ಕೇಳುತ್ತಾರೆ. "ಏನಿಲ್ಲ, ಹಾಡು ಬಂತು" ಅನ್ನೋ ಉತ್ತರ ಸಿಕ್ಕರೆ, ಅಲ್ಲಿ ಕಥೆ ನಿಂತಿತ್ತು ಅಂತಲೇ ಅರ್ಥ. "ಅಯ್ಯೋ, ಅವಳು ಅಮ್ಮನಿಗೆ ಎಲ್ಲಾ ಹೇಳಿಬಿಟ್ಟಳು" ಅನ್ನೋ ಉತ್ತರ ಬಂದರೆ, ಹಾಡು ಕೆಲಸ ಮಾಡಿದೆ. ಈ ಎರಡನೇ ಉತ್ತರ ಬರುವಂಥ ಹಾಡನ್ನು ಹೇಗೆ ಬರೆಯೋದು ಅನ್ನೋದನ್ನು ಇಲ್ಲಿ ಒಂದೊಂದೇ ಹೆಜ್ಜೆ ಇಟ್ಟು ನೋಡೋಣ. ಕಿರುಚಿತ್ರಕ್ಕೋ ನಾಟಕಕ್ಕೋ ಹಾಡು ಬರೆಯಲು ಕೂತವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ನೋಡಿರುವ ಒಂದು ಸಿನಿಮಾ. 2001ರ ‘ಲಗಾನ್’. ಊರಿಗೆ ಮಳೆ ಇಲ್ಲ, ಕಂದಾಯ ಕಟ್ಟೋಕೆ ಬೆಳೆ ಇಲ್ಲ. ಆಗ ಮೋಡ ಕವಿಯುತ್ತದೆ. ಊರಿಗೆ ಊರೇ ಕುಣಿಯುತ್ತದೆ, ‘ಘನನ ಘನನ’ ಅಂತ ಹಾಡುತ್ತದೆ. ಹಾಡು ಮುಗಿಯುವ ಹೊತ್ತಿಗೆ ಮೋಡ ಹಾಗೇ ದಾಟಿ ಹೋಗುತ್ತದೆ, ಒಂದು ಹನಿಯೂ ಬೀಳೋದಿಲ್ಲ. ಕಂದಾಯ ಬಿಡಿ ಅಂತ ಕೇಳೋಕೆ ಊರವರು ರಾಜನ ಹತ್ತಿರ ಹೋಗುವುದು ಇದಾದ ಮೇಲೆ. ಕ್ರಿಕೆಟ್ ಪಂದ್ಯದ ಸವಾಲು ಎದುರಾಗುವುದು ಅಲ್ಲಿಗೆ ಹೋದದ್ದಕ್ಕೆ. ಈ ಹಾಡನ್ನು ಕಿತ್ತು ನೋಡಿ. ಜನ ಅಷ್ಟು ಕಂಗೆಟ್ಟು ಹೊರಟಿದ್ದು ಯಾಕೆ ಅನ್ನೋದು ನಮಗೆ ಗೊತ್ತಾಗುತ್ತದೆ, ಆದರೆ ತಟ್ಟುವುದಿಲ್ಲ.

ಇನ್ನೊಂದು ವಿಷಯ ಗಮನಿಸಿ. ಆ ಹಾಡಿನಲ್ಲಿ ತಿರುವು ಬರೋದು ಸಾಲಿನಿಂದಲ್ಲ, ಹಾಡೇ ನಿಂತುಹೋಗುವುದರಿಂದ. ಸಾಲುಗಳು ಮಾಡಿದ ಕೆಲಸ ಆಸೆಯನ್ನು ಎತ್ತರಕ್ಕೆ ಏರಿಸಿದ್ದು. ಎತ್ತರ ಜಾಸ್ತಿಯಾದಷ್ಟೂ ಬಿದ್ದಾಗ ಪೆಟ್ಟು ಜಾಸ್ತಿ. ಇದನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ನಮ್ಮ ಹಾಡಿಗೂ ಇದೇ ಬೇಕಾಗುತ್ತದೆ.

ನಮ್ಮವರಿಗೆ ಇದು ಹೊಸದೇನಲ್ಲ. ಯಕ್ಷಗಾನದಲ್ಲಿ ಪ್ರಸಂಗ ಅಂದರೆ ಪದ್ಯಗಳೇ. ಭಾಗವತರು ಪದ್ಯ ಎತ್ತಿಕೊಂಡಾಗ ಕಥೆ ಮುಂದೆ ಹೋಗುತ್ತದೆ. ವೇಷಧಾರಿ ಆಮೇಲೆ ಆಡುವ ಅರ್ಥ ಆ ಪದ್ಯವನ್ನು ಬಿಡಿಸಿ ಹೇಳುತ್ತದೆ. ಅಂದರೆ ಅಲ್ಲಿ ನಡೆಯೋದು ಹಾಡು, ನಿಂತು ನೋಡೋದು ಮಾತು. 1977ರ ‘ಬಭ್ರುವಾಹನ’ದಲ್ಲಿ ರಾಜ್‌ಕುಮಾರ್ ಅವರೇ ಅರ್ಜುನನೂ ಆಗಿ ಬಭ್ರುವಾಹನನೂ ಆಗಿ ಎದುರುಬದುರು ನಿಂತು ಹಾಡುವ ಹಾಡು ನೆನಪಿದೆ ಅಲ್ವಾ? ಅದು ಹಾಡಿನ ರೂಪದಲ್ಲಿರುವ ಜಗಳ. ಒಬ್ಬರ ಮಾತಿಗೆ ಇನ್ನೊಬ್ಬರು ಏಟು ಕೊಡುತ್ತಾ ಹೋಗುತ್ತಾರೆ. ಹಿಂದಿನ ಮಾತು ಇಲ್ಲದಿದ್ದರೆ ಮುಂದಿನ ಮಾತು ಹುಟ್ಟುವುದೇ ಇಲ್ಲ.

ಹೆಜ್ಜೆ 1: ಹಾಡಿನ ಎರಡು ದಡ ಗುರುತು ಮಾಡಿ

ಸಾಲು ಬರೆಯೋಕೆ ಮುಂಚೆ ಎರಡು ವಾಕ್ಯ ಬರೆಯಿರಿ. ಹಾಡು ಶುರುವಾಗುವಾಗ ಏನು ನಿಜ? ಹಾಡು ಮುಗಿದಾಗ ಏನು ನಿಜ? ಎರಡನೆಯದು ಕ್ಯಾಮೆರಾಕ್ಕೆ ಕಾಣುವಂಥದ್ದಾಗಿರಬೇಕು. "ಅವಳ ಮನಸ್ಸು ಹಗುರವಾಯಿತು" ಅಂತ ಬರೆದರೆ ಸಾಲದು, ಅದನ್ನು ಯಾರೂ ನೋಡಲಾರರು.

ಒಂದು ಕಥೆ ಕಟ್ಟಿಕೊಳ್ಳೋಣ. ತಿಪಟೂರು. ಗಿರಿಜಮ್ಮ ಮನೆಯಲ್ಲೇ ಹೊಲಿಗೆ ಮೆಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾರೆ. ಮಗಳು ಸುಮಾಗೆ ಮದುವೆ ನಿಶ್ಚಯವಾಗುವುದರಲ್ಲಿದೆ. ಆದರೆ ಸುಮಾಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಸೋಮವಾರ ಸೇರಬೇಕು. ಆ ಕಾಗದವನ್ನು ನಾಲ್ಕು ದಿನದಿಂದ ಹಾಸಿಗೆ ಕೆಳಗೆ ಬಚ್ಚಿಟ್ಟಿದ್ದಾಳೆ. ಇವತ್ತು ರಾತ್ರಿ ಅಮ್ಮ ಮದುವೆ ರವಿಕೆಗೆ ಅಳತೆ ತೆಗೆಯುತ್ತಿದ್ದಾರೆ.

ಮೊದಲ ದಡ: ಮಗಳು ಮದುವೆಗೆ ಒಪ್ಪಿದ್ದಾಳೆ ಅಂತ ಅಮ್ಮ ನಂಬಿದ್ದಾರೆ. ಎರಡನೇ ದಡ: ಅಮ್ಮನಿಗೆ ವಿಷಯ ಗೊತ್ತಾಗಿದೆ, ರೇಷ್ಮೆ ಬಟ್ಟೆ ಕತ್ತರಿಸದೆ ಹಾಗೇ ಮಡಚಿಟ್ಟಿದ್ದಾರೆ. ಮಡಚಿಟ್ಟ ಬಟ್ಟೆ ಕಣ್ಣಿಗೆ ಕಾಣುತ್ತದೆ. ಅಷ್ಟು ಸಾಕು.

ಹೆಜ್ಜೆ 2: ಕೈಗೆ ಒಂದು ಕೆಲಸ ಕೊಡಿ, ಕೆಲಸಕ್ಕೆ ಒಂದು ಗಡುವು ಕೊಡಿ

ಹೊಸಬರ ಹಾಡಿನಲ್ಲಿ ಪಾತ್ರಗಳು ಸುಮ್ನೆ ನಿಂತು ಹಾಡುತ್ತವೆ. ಕಿಟಕಿ ಹತ್ತಿರ, ಇಲ್ಲಾ ಕೆರೆ ಏರಿ ಮೇಲೆ. ಕೈಯಲ್ಲಿ ಕೆಲಸ ಇದ್ದರೆ ಆ ಕೆಲಸ ಮುಂದೆ ಹೋದ ಹಾಗೆ ಹಾಡೂ ಹೋಗಲೇಬೇಕು. 1964ರ ‘ಮೈ ಫೇರ್ ಲೇಡಿ’ಯಲ್ಲಿ ಹೂ ಮಾರುವ ಹುಡುಗಿಗೆ ಉಚ್ಚಾರ ತಿದ್ದಿಸಲು ಕೊಟ್ಟ ಅಭ್ಯಾಸದ ವಾಕ್ಯವೇ ಹಾಡಿನ ಸಾಲಾಗುತ್ತದೆ. ಆವರೆಗೆ ನಾಲಿಗೆ ಹೊರಳದ ಹುಡುಗಿ ಆ ವಾಕ್ಯವನ್ನು ಸರಿಯಾಗಿ ಹೇಳಿದ್ದೇ ತಡ, ಹಾಡು ಹುಟ್ಟುತ್ತದೆ. ಪಾಠ ಬೇರೆ, ಹಾಡು ಬೇರೆ ಅಂತಿಲ್ಲ ಅಲ್ಲಿ.

ನಮ್ಮ ಸನ್ನಿವೇಶದಲ್ಲಿ ಹೊಲಿಗೆ ಇದೆ. ಅದರಲ್ಲಿ ಮೂರು ಹಂತ: ಟೇಪಿನಲ್ಲಿ ಅಳತೆ, ಬಟ್ಟೆ ಮೇಲೆ ಸೀಮೆಸುಣ್ಣದ ಗುರುತು, ಆಮೇಲೆ ಕತ್ತರಿ. ಅಳತೆ ತಪ್ಪಿದರೆ ಮತ್ತೆ ತೆಗೆಯಬಹುದು. ಸೀಮೆಸುಣ್ಣ ಒರೆಸಬಹುದು. ಕತ್ತರಿ ಬಿದ್ದ ಮೇಲೆ ಮಾತ್ರ ಆ ಬಟ್ಟೆ ಇನ್ನೇನೂ ಆಗೋದಿಲ್ಲ, ಮದುವೆ ರವಿಕೆಯೇ. ಅಂದರೆ ಸುಮಾ ಬಾಯಿಬಿಡಬೇಕಾದ್ದು ಕತ್ತರಿ ಬೀಳುವ ಮುನ್ನ. ಹಾಡಿಗೆ ಗಡುವು ಸಿಕ್ಕಿತು. ಇನ್ನು ನೋಡುವವರು ಎದ್ದು ಹೋಗುವುದು ಕಷ್ಟ.

ಹೆಜ್ಜೆ 3: ಕ್ರಿಯಾಪದಗಳ ಕಡೆ ಕಣ್ಣಿಡಿ

ನನ್ನ ಲೆಕ್ಕದಲ್ಲಿ ಕನ್ನಡದಲ್ಲಿ ಹಾಡು ನಿಲ್ಲುವುದೋ ನಡೆಯುವುದೋ ತೀರ್ಮಾನವಾಗುವುದು ಇಲ್ಲಿ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡೋಣ.

ಈ ಸನ್ನಿವೇಶಕ್ಕೆ ಮೊದಲು ಹೊಳೆಯುವ ಹಾಡು ಹೀಗಿರುತ್ತದೆ:

ಕಣ್ಣ ತುಂಬ ದೂರದೂರ ಕನಸು
ಎದೆಯ ತುಂಬ ತಾಯ ಮಮತೆ
ನಾನು ಎರಡು ದಡದ ನಡುವೆ
ತೇಲುತಿರುವ ದೋಣಿ

ಕೇಳೋಕೆ ಚೆನ್ನಾಗೇ ಇದೆ. ಆದರೆ ಸಾಲುಗಳನ್ನು ಹಿಂದುಮುಂದು ಮಾಡಿ. ದೋಣಿಯನ್ನು ಮೊದಲು ತನ್ನಿ, ಕನಸನ್ನು ಕೊನೆಗೆ ಹಾಕಿ. ಏನೂ ಕೆಡೋದಿಲ್ಲ. ಯಾಕೆ? ಒಂದು ಸಾಲಿನಲ್ಲೂ ವಾಕ್ಯ ಮುಗಿಸುವ ಕ್ರಿಯಾಪದ ಇಲ್ಲ. ಕನ್ನಡದಲ್ಲಿ ಕ್ರಿಯಾಪದ ಇಲ್ಲದೆಯೂ ವಾಕ್ಯ ಪೂರ್ತಿ ಅನ್ನಿಸುತ್ತದೆ. "ನೀನೇ ನನ್ನ ಬೆಳಕು", "ನಾನು ಒಂಟಿ" ಅಂದರೆ ಮುಗಿಯಿತು. ಅದೊಂದು ಸೌಲಭ್ಯ, ಹಾಡು ಬರೆಯುವವರಿಗೆ ಅದೇ ಬಲೆ. ಅಂಥ ಹತ್ತು ಸಾಲು ಜೋಡಿಸಿದರೆ ಹತ್ತು ಚಿತ್ರ ಬರುತ್ತದೆ, ಒಂದು ಘಟನೆಯೂ ನಡೆಯೋದಿಲ್ಲ.

ಹಾಗಾಗಿ ಬರೆದಾದ ಮೇಲೆ ಹಾಡಿನ ಕ್ರಿಯಾಪದಗಳನ್ನಷ್ಟೇ ಒಂದರ ಕೆಳಗೊಂದು ಬರೆದುಕೊಳ್ಳಿ. ನಡೆಯುವ ಹಾಡಿನಲ್ಲಿ ಅವು ಬದಲಾಗುತ್ತಾ ಹೋಗುತ್ತವೆ. "ಹೋಗಲಾ?" ಅನ್ನೋದು ಕೇಳಿಕೆ. "ಹೋಗಬೇಕು" ಅನ್ನೋದು ಒತ್ತಡ. "ಹೋಗ್ತೀನಿ" ಅನ್ನೋದು ತೀರ್ಮಾನ. "ಹೋಗು" ಅನ್ನೋದು ಇನ್ನೊಬ್ಬರ ಒಪ್ಪಿಗೆ. ಒಂದೇ ಧಾತು, ನಾಲ್ಕು ರೂಪ, ಅದರಲ್ಲೇ ಒಂದು ಕಥೆ. ಬರೆದ ಪಟ್ಟಿಯಲ್ಲಿ ಮೊದಲಿಂದ ಕೊನೆವರೆಗೂ ಒಂದೇ ರೂಪ ಇದ್ದರೆ ಹಾಡು ನಿಂತಲ್ಲೇ ನಿಂತಿದೆ.

ಇನ್ನೊಂದು ಅನುಕೂಲವೂ ಇದೆ. ನಮ್ಮ ಭಾಷೆಯಲ್ಲಿ ‘ಬೇಡ’, ‘ಇಲ್ಲ’, ‘ಒಲ್ಲೆ’ ಬರೋದು ಕೊನೆಗೆ. ಒಂದು ಸಾಲು ಎತ್ತ ವಾಲುತ್ತದೆ ಅಂತ ಕೊನೇ ಪದದವರೆಗೆ ಕೇಳುವವರಿಗೆ ಗೊತ್ತಾಗೋದಿಲ್ಲ. ಅದನ್ನು ಬಳಸಿಕೊಳ್ಳಿ. ಅಥವಾ ತುರ್ತು ತೋರಿಸಬೇಕಾದ ಕಡೆ ಬೇಕಂತಲೇ ಅದನ್ನು ಮುಂದಕ್ಕೆ ಎಳೆದುಕೊಳ್ಳಿ. ಕೆಳಗಿನ ಹಾಡಿನಲ್ಲಿ ಸುಮಾ "ಇಡಬ್ಯಾಡಮ್ಮ" ಅಂತಲೇ ಶುರು ಮಾಡುತ್ತಾಳೆ. ಕತ್ತರಿ ಇಡೋಕೆ ಹೊರಟಾಗ ಅಷ್ಟುದ್ದ ವಾಕ್ಯ ಕಟ್ಟುವ ವ್ಯವಧಾನ ಯಾರಿಗೂ ಇರೋದಿಲ್ಲ.

ಹೆಜ್ಜೆ 4: ಪಲ್ಲವಿಗೆ ಕೆಲಸದ ಮಾತನ್ನೇ ಆರಿಸಿ

ಕಥೆಯನ್ನು ಹಿಂದಕ್ಕೆ ಎಳೆಯುವ ಮುಖ್ಯ ಕಳ್ಳ ಪಲ್ಲವಿ. ಚರಣ ಒಂದಡಿ ಮುಂದೆ ಹೋಗುತ್ತದೆ, ಪಲ್ಲವಿ ಬಂದು ಮತ್ತೆ ಮೊದಲಿನ ಜಾಗಕ್ಕೇ ತಂದು ನಿಲ್ಲಿಸುತ್ತದೆ. ಇದಕ್ಕೆ ಮದ್ದು ಒಂದೇ. ಅದೇ ಪದಗಳು ಪ್ರತಿಸಲವೂ ಬೇರೆ ಅರ್ಥ ಕೊಡಬೇಕು.

ಪ್ರೀತಿ, ವಿರಹ, ಬದುಕು ಅಂತೆಲ್ಲ ದೊಡ್ಡ ಪದ ಹಾಕಿದ ಪಲ್ಲವಿಗೆ ಅರ್ಥ ಬದಲಾಗುವ ಜಾಗವೇ ಇರೋದಿಲ್ಲ. ಮೊದಲ ಸಲವೇ ಎಲ್ಲ ಹೇಳಿಬಿಟ್ಟಿರುತ್ತದೆ. ಆ ಜಾಗದಲ್ಲಿ ದಿನಾ ಆಡುವ ಸಣ್ಣ ಮಾತು ಇಡಿ. ಅಳತೆ ತೆಗೆಯುವಾಗ ಟೈಲರ್‌ಗಳು ಹೇಳೋದು ಕೇಳಿದ್ದೀರಲ್ಲ, "ಉಸಿರು ಬಿಗಿ ಹಿಡೀಬೇಡಿ, ಅಳತೆ ತಪ್ಪುತ್ತೆ" ಅಂತ. ಇಲ್ಲಿಗೆ ಅದಕ್ಕಿಂತ ಒಳ್ಳೆ ಪಲ್ಲವಿ ನನಗೆ ಸಿಗಲಿಲ್ಲ. ಮೊದಲ ಸಲ ಅದು ಬರೀ ಹೊಲಿಗೆಯ ಮಾತು. ಎರಡನೇ ಸಲ ಅಮ್ಮನಿಗೆ ಅನುಮಾನ ಬಂದಿದೆ. ಮೂರನೇ ಸಲ ಅದು ಅಪ್ಪಣೆ.

ಈಗ ಹಾಡು:

ಅಮ್ಮ:
ಉಸಿರು ಬಿಗಿ ಹಿಡಿಬೇಡ ಮಗಳೇ
ಅಳತೆ ತಪ್ಪುತದೆ

ಅಮ್ಮ:
ತೋಳು ಹನ್ನೊಂದು, ಭುಜ ಹದಿನಾಲ್ಕು
ಹೋದ ವರುಷದ್ದೇ ಐತೆ
ಎದೆ ಮಾತ್ರ ಯಾಕೋ ಟೇಪಿಗೆ ಸಿಗದು
ಏನು ಬಚ್ಚಿಟ್ಟೆ?

ಸುಮಾ:
ಹೊಲಿಯಮ್ಮ ಸುಮ್ನೆ, ಇನ್ನೊಂದಿಂಚು
ಸಡಿಲ ಬಿಟ್ಟರಾಯ್ತು

ಅಮ್ಮ:
ಉಸಿರು ಬಿಗಿ ಹಿಡಿಬೇಡ ಮಗಳೇ
ಅಳತೆ ತಪ್ಪುತದೆ

ಅಮ್ಮ:
ಮಡಿಕೆ ಬಿಡಿಸಿದೆ, ಗುರುತು ಹಾಕಿದೆ
ಕತ್ತರಿ ಇಡಲೇನೇ?

ಸುಮಾ:
ಇಡಬ್ಯಾಡಮ್ಮ, ಸೋಮವಾರಕೆ
ಕೆಲಸಕೆ ಕರೆದವ್ರೆ
ನಾಕು ದಿನದಿಂದ ಹಾಸಿಗೆ ಕೆಳಗೆ
ಕಾಗದ ಅಡಗೈತೆ

ಅಮ್ಮ:
ಉಸಿರು ಬಿಡು ಈಗ, ಮಗಳೇ...

ಕೊನೆಯಲ್ಲಿ "ಅಳತೆ ತಪ್ಪುತದೆ" ಅನ್ನೋ ಸಾಲು ಇಲ್ಲ. ಎರಡು ಸಲ ಕೇಳಿದ ಕಿವಿ ಮೂರನೇ ಸಲವೂ ಅದಕ್ಕೆ ಕಾಯುತ್ತದೆ. ಆ ಜಾಗದಲ್ಲಿ ಅಮ್ಮ ಟೇಪು ಸುತ್ತಿ, ರೇಷ್ಮೆ ಬಟ್ಟೆ ಮಡಚುತ್ತಾರೆ. ‘ಲಗಾನ್’ನಲ್ಲಿ ಮಳೆ ಬಾರದೆ ಹಾಡು ನಿಂತ ಹಾಗೆ, ಇಲ್ಲೂ ಬರಬೇಕಾದ ಸಾಲು ಬಾರದೆ ಕಥೆ ತಿರುಗುತ್ತದೆ.

ಮುಖ್ಯ ಕ್ರಿಯಾಪದಗಳ ಪಟ್ಟಿಯನ್ನೂ ನೋಡಿಬಿಡೋಣ: ಹಿಡಿಬೇಡ, ಬಚ್ಚಿಟ್ಟೆ, ಹೊಲಿ, ಇಡಲೇನೇ, ಇಡಬ್ಯಾಡ, ಕರೆದವ್ರೆ, ಬಿಡು. ಬರೀ ಇದನ್ನು ಓದಿದರೂ ಏನೋ ಒಂದು ನಡೆದಿದೆ ಅಂತ ಗೊತ್ತಾಗುತ್ತದೆ.

ಒಂದು ಮಾತು ಇಲ್ಲಿ ಸೇರಿಸಬೇಕು. ಮೊದಲ ಚರಣದಲ್ಲಿ ಅಮ್ಮ ನೇರವಾಗಿ ಕೇಳುತ್ತಾರೆ, ಮಗಳು ತಪ್ಪಿಸಿಕೊಳ್ಳುತ್ತಾಳೆ. ಆ ತಪ್ಪಿಸಿಕೊಳ್ಳುವಿಕೆ ಬಹಳ ಮುಖ್ಯ. ಮೊದಲ ಚರಣದಲ್ಲೇ ಸುಮಾ ಎಲ್ಲ ಹೇಳಿಬಿಟ್ಟಿದ್ದರೆ ಎರಡನೇ ಚರಣಕ್ಕೆ ಅಳುವುದು ಬಿಟ್ಟು ಬೇರೆ ಕೆಲಸ ಇರುತ್ತಿರಲಿಲ್ಲ. ಎಷ್ಟೋ ಹಾಡುಗಳು ಅರ್ಧದಾರಿಯಲ್ಲಿ ಸೊರಗೋದು ಇದರಿಂದಲೇ. ಎದುರಿಗಿರುವವರು ‘ಇಲ್ಲ’ ಅನ್ನಬಲ್ಲವರಾಗಿರಬೇಕು, ಒಂದು ಸಲವಾದರೂ ಅನ್ನಬೇಕು.

ಹೆಜ್ಜೆ 5: ಒಂದು ಚರಣಕ್ಕೆ ಒಂದೇ ಸುದ್ದಿ

ಇದಕ್ಕೆ ವಿರುದ್ಧವಾದ ತಪ್ಪೂ ಒಂದಿದೆ. ಕಥೆ ನಡೆಸಬೇಕು ಅನ್ನೋ ಆತುರದಲ್ಲಿ ಹಾಡಿಗೆ ಸುದ್ದಿ ತುರುಕುವುದು. ಆಸ್ಪತ್ರೆಯ ಹೆಸರು, ಸಂಬಳ, ಹುಡುಗನ ಮನೆಯವರ ಮಾತು, ಅಪ್ಪ ಮಾಡಿದ ಸಾಲ. ಹಾಡಿದ ಮಾತು ಆಡಿದ ಮಾತಿಗಿಂತ ತುಂಬಾ ನಿಧಾನ. ನಿಮ್ಮ ಸಾಲುಗಳನ್ನು ಒಮ್ಮೆ ಸುಮ್ನೆ ಓದಿ ಸಮಯ ನೋಡಿ, ಆಮೇಲೆ ಟ್ಯೂನಿಗೆ ಹಾಡಿ ಸಮಯ ನೋಡಿ. ವ್ಯತ್ಯಾಸ ಕಂಡ ಮೇಲೆ ನೀವೇ ಅರ್ಧ ಸುದ್ದಿ ತೆಗೆದುಹಾಕುತ್ತೀರಿ. ಅಲ್ಲದೆ ವಾದ್ಯಗಳ ನಡುವೆ ಹೆಸರು, ಅಂಕಿ ಕಿವಿಗೆ ನಿಲ್ಲೋದಿಲ್ಲ.

ನಮ್ಮ ಹಾಡಿನಲ್ಲಿ ಮೊದಲ ಚರಣದ ಸುದ್ದಿ: ಏನೋ ಬಚ್ಚಿಟ್ಟಿದ್ದಾಳೆ. ಎರಡನೇ ಚರಣದ ಸುದ್ದಿ: ಕೆಲಸಕ್ಕೆ ಕರೆದಿದ್ದಾರೆ. ಬೇರೇನೂ ಇಲ್ಲ. ಬೆಂಗಳೂರು, ಆಸ್ಪತ್ರೆ, ನರ್ಸ್ ಕೆಲಸ ಎಲ್ಲ ಹಾಡಿಗೆ ಹಿಂದಿನ ದೃಶ್ಯಗಳಲ್ಲೇ ಬಂದಿರಬೇಕು. ಕಾಗದ ಬಂದದ್ದನ್ನೂ ಅವಳು ಬಚ್ಚಿಟ್ಟದ್ದನ್ನೂ ನೋಡುವವರು ಮೊದಲೇ ನೋಡಿರುತ್ತಾರೆ. ಗೊತ್ತಿಲ್ಲದಿರುವುದು ಅಮ್ಮನಿಗೆ ಮಾತ್ರ. ಹಾಗಿದ್ದಾಗಲೇ "ಏನು ಬಚ್ಚಿಟ್ಟೆ?" ಅನ್ನೋ ಸಾಲಿಗೆ ಥಿಯೇಟರಿನಲ್ಲಿ ಕೂತವರ ಉಸಿರೂ ಬಿಗಿಯಾಗೋದು.

ಹೆಜ್ಜೆ 6: ಸಂಗೀತ ನಿರ್ದೇಶಕರ ಹತ್ತಿರ ಮೊದಲೇ ಮಾತಾಡಿ

ನಮ್ಮಲ್ಲಿ ಸಾಮಾನ್ಯವಾಗಿ ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ. ಟ್ಯೂನಿನಲ್ಲಿ ಎರಡು ಚರಣಕ್ಕೂ ಒಂದೇ ರಾಗ, ಒಂದೇ ಅಳತೆ, ಪ್ರತಿ ಚರಣ ಮುಗಿದ ಮೇಲೆ ಪೂರ್ತಿ ಪಲ್ಲವಿ. ಈ ಅಚ್ಚಿಗೆ ಕೂತರೆ ನಮ್ಮ ಹಾಡಿನ ಕೊನೆ ಸತ್ತೇಹೋಗುತ್ತದೆ. ಬಾಕಿ ಉಳಿದ ಜಾಗಕ್ಕೆ ಯಾರೋ "ಅಳತೆ ತಪ್ಪುತದೆ" ತುಂಬಿಬಿಡುತ್ತಾರೆ.

ಹಾಗಾಗಿ ಟ್ಯೂನ್ ಕಟ್ಟುವ ಮೊದಲೇ ಮೂರು ವಿಷಯ ಕೇಳಿಕೊಳ್ಳಿ. "ಕತ್ತರಿ ಇಡಲೇನೇ?" ಆದ ಮೇಲೆ ವಾದ್ಯ ಎಲ್ಲ ನಿಲ್ಲಬೇಕು, ಸುಮಾ ಬಾಯಿಬಿಡುವ ಮುಂಚೆ ಒಂದು ಕ್ಷಣ ಮೌನ. ಸುಮಾಳ ಉತ್ತರಕ್ಕೆ ಮೇಲಿನ ಸ್ಥಾಯಿ ಬೇಡ. ಆ ಎತ್ತರದಲ್ಲಿ ಸ್ವರ ಕೇಳುತ್ತದೆ, ಪದ ಕೇಳೋದಿಲ್ಲ. ನಮಗೆ ಇಲ್ಲಿ ಪದ ಬೇಕು. ಮೂರನೆಯದು, ಕೊನೇ ಪಲ್ಲವಿ ಅರ್ಧಕ್ಕೇ ನಿಲ್ಲಬೇಕು. ಟ್ಯೂನ್ ಆಗಲೇ ಸಿದ್ಧವಾಗಿದ್ದರೆ ಮೂರರಲ್ಲಿ ಕೊನೆಯದನ್ನಾದರೂ ಬಿಟ್ಟುಕೊಡಬೇಡಿ. ಅದಕ್ಕೆ ಹೊಸ ರಾಗ ಬೇಕಿಲ್ಲ, ಇರುವುದನ್ನು ನಿಲ್ಲಿಸಿದರೆ ಸಾಕು.

ಎರಡು ಚರಣದ ನಡುವೆ ಬರೀ ವಾದ್ಯ ನುಡಿಯುವ ಜಾಗವನ್ನೂ ವ್ಯರ್ಥ ಮಾಡಬೇಡಿ. ಸೀಮೆಸುಣ್ಣದ ಗುರುತು ಹಾಕೋದು ಅಲ್ಲೇ. ಅಮ್ಮ ಬಗ್ಗಿ ಗೆರೆ ಎಳೆಯುತ್ತಿದ್ದಾರೆ, ಮಗಳು ಹಾಸಿಗೆ ಕಡೆ ಒಮ್ಮೆ ನೋಡುತ್ತಾಳೆ. ಒಂದು ಪದವೂ ಇಲ್ಲದೆ ಕಥೆ ಒಂದು ಹೆಜ್ಜೆ ಹೋಯಿತು.

ಹೆಜ್ಜೆ 7: ಹಾಡಿನ ಹಿಂದೆ, ಮುಂದೆ ಇರುವ ಮಾತಿಗೆ ಕತ್ತರಿ ಹಾಕಿ

ಹಾಡು ಚೆನ್ನಾಗಿ ಬರೆದರೂ ಅಕ್ಕಪಕ್ಕದ ಸಂಭಾಷಣೆ ಅದನ್ನು ಕೊಲ್ಲಬಹುದು. ಸುಮಾ ಹಾಡಿಗೆ ಮುಂಚೆಯೇ "ಅಮ್ಮಾ, ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು" ಅಂದುಬಿಟ್ಟರೆ ಹಾಡಿಗೆ ಕೆಲಸ ಉಳಿಯೋದಿಲ್ಲ. ಹಾಡು ಶುರುವಾಗಬೇಕಾದ್ದು ಆ ಮಾತು ಗಂಟಲಿಗೆ ಬಂದು ನಿಂತಾಗ. ಹಾಗೇ ಹಾಡಾದ ಮೇಲೆ ಅಮ್ಮ "ನಿಂಗೆ ಕೆಲಸ ಸಿಕ್ಕಿದ್ದು ಯಾಕೆ ಹೇಳಲಿಲ್ಲ?" ಅಂತ ಕೇಳಿದರೆ, ನೋಡುವವರು ಈಗಷ್ಟೇ ಕೇಳಿದ್ದನ್ನೇ ಮತ್ತೆ ಕೇಳಿದ ಹಾಗಾಯಿತು. ಹಾಡು ಬರೀ ಅಲಂಕಾರ, ನಿಜವಾದ ಕಥೆ ಮಾತಿನಲ್ಲಿದೆ ಅಂತ ನಾವೇ ಅವರಿಗೆ ಕಲಿಸಿಕೊಟ್ಟ ಹಾಗೂ ಆಯಿತು.

ಎದ್ದು ಹೋದವರ ಗತಿ ಏನು ಅಂತ ಕೇಳಬಹುದು. ಅವರಿಗೆ ಮಾತಿನಲ್ಲಿ ವರದಿ ಕೊಡಬೇಡಿ, ಒಂದು ವಸ್ತುವನ್ನು ಉಳಿಸಿ. ಮಾರನೇ ದಿನದ ದೃಶ್ಯದಲ್ಲಿ ಮೆಷಿನ್ ಮೇಲೆ ಸೀಮೆಸುಣ್ಣದ ಗೆರೆ ಇರುವ, ಕತ್ತರಿಸದ ರೇಷ್ಮೆ ಬಟ್ಟೆ ಮಡಚಿಟ್ಟಿರಲಿ. ಅದರ ಮೇಲೆ ಆ ಕಾಗದ ಇರಲಿ.

ಹೆಜ್ಜೆ 8: ಬರೆದದ್ದನ್ನು ಪರೀಕ್ಷೆ ಮಾಡಿ

ಎರಡು ಪರೀಕ್ಷೆ ಸಾಕು. ಮೊದಲನೆಯದು, ಚರಣಗಳನ್ನು ಅದಲು ಬದಲು ಮಾಡಿ. ನಮ್ಮ ಹಾಡಿನಲ್ಲಿ ಎರಡನೇ ಚರಣ ಮೊದಲು ಬಂದರೆ ಎಲ್ಲ ಕುಸಿಯುತ್ತದೆ. ಗುರುತು ಹಾಕಿದ ಮೇಲೆ ಯಾರಾದರೂ ಅಳತೆ ತೆಗೆಯುತ್ತಾರಾ? ವಿಷಯ ಹೇಳಿದ ಮೇಲೆ "ಏನು ಬಚ್ಚಿಟ್ಟೆ?" ಅಂತ ಕೇಳುತ್ತಾರಾ? ಹೀಗೆ ಕುಸಿದರೆ ಒಳ್ಳೆಯದು. ಕುಸಿಯದಿದ್ದರೆ ಹೆಜ್ಜೆ 3ಕ್ಕೆ ವಾಪಸ್ ಹೋಗಿ.

ಎರಡನೆಯದು, ಹಾಡನ್ನು ಪೂರ್ತಿ ತೆಗೆದು, ಹಿಂದಿನ ದೃಶ್ಯ ಮತ್ತು ಮುಂದಿನ ದೃಶ್ಯವನ್ನು ಕಥೆ ಗೊತ್ತಿಲ್ಲದ ಯಾರಿಗಾದರೂ ಓದಿ ಹೇಳಿ. "ಮಧ್ಯೆ ಏನೋ ಬಿಟ್ಟಿರಿ ಅಲ್ವಾ?" ಅಂತ ಅವರು ಕೇಳಬೇಕು. ಕೇಳದೆ ತಲೆ ಆಡಿಸಿದರೆ ಆ ಹಾಡು ಇಲ್ಲದೆಯೂ ಕಥೆ ನಡೆಯುತ್ತದೆ ಅಂತಾಯಿತು.

ಎಲ್ಲ ಹಾಡೂ ಈ ಪರೀಕ್ಷೆಯಲ್ಲಿ ಗೆಲ್ಲಬೇಕು ಅಂತ ನಾನು ಹೇಳೋದಿಲ್ಲ. ಊರ ಜಾತ್ರೆಯ ಹಾಡಿಗೆ, ಲಾಲಿ ಹಾಡಿಗೆ ಅವುಗಳದ್ದೇ ಜಾಗ ಇದೆ, ಕೆಲವು ಕಡೆ ಕಥೆ ನಿಂತು ಉಸಿರಾಡಬೇಕು. ಆದರೆ ಸುಮಾ ಹಾಡಬೇಕಾದ್ದು ಅಮ್ಮನ ಕೈಯಲ್ಲಿ ಕತ್ತರಿ ಇರುವಾಗ. ಅಂಥ ಜಾಗಕ್ಕೆ ದೋಣಿಯ ಹಾಡು ತಂದಿಟ್ಟರೆ ಅಷ್ಟರಲ್ಲಿ ಬಟ್ಟೆ ಎರಡು ತುಂಡಾಗಿರುತ್ತದೆ.